ಟೋಟಲ್ ಫುಟ್‌ಬಾಲೋ, ಪೊಸಿಷನಲ್ ಪ್ಲೇಯೋ?

ಕಾರವಾರದ ಕಡಲತೀರದಲ್ಲಿ ಸಂಜೆ ಆಡುವ ಹುಡುಗರಿಗೆ ಫುಟ್‌ಬಾಲ್‌ನ ಈ ಎರಡು ಶೈಲಿಗಳಲ್ಲಿ ಯಾವುದನ್ನು ಕಲಿಸೋದು? ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐದು ಫಾರ್ವರ್ಡ್‌ಗಳ ಹಳೆಯ 2-3-5 ಅಂತೂ ಬೇಡ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಗಿ ಎದುರಾಳಿ ಫಾರ್ವರ್ಡ್‌ಗಳಿಗೆ ಮುಂದೆ ನುಗ್ಗೋದು ಸುಲಭವಾದ ಮೇಲೆ ಹಿಂದೆ ಇಬ್ಬರು ಸಾಲಲಿಲ್ಲ, ನಡುಸಾಲಿನ ಸೆಂಟರ್ ಹಾಫ್ ಕೂಡ ಹಿಂದಕ್ಕೆ ಸರಿಯಬೇಕಾಯಿತು.

ಟೋಟಲ್ ಫುಟ್‌ಬಾಲ್‌ನಲ್ಲಿ ಒಬ್ಬ ಜಾಗ ಬಿಟ್ಟು ಓಡುತ್ತಾನೆ, ಇನ್ನೊಬ್ಬ ಅದನ್ನು ತುಂಬುತ್ತಾನೆ. 1974ರ ವಿಶ್ವಕಪ್ ಫೈನಲ್ ನೋಡಿ. ನೆದರ್ಲೆಂಡ್ಸ್‌ನ ಫಾರ್ವರ್ಡ್ ಕ್ರೈಫ್ ತುಂಬಾ ಹಿಂದೆ ಬಂದು ಚೆಂಡು ಪಡೆದ, ಅಲ್ಲಿಂದ ಓಡಿ ಪೆನಾಲ್ಟಿ ಗಳಿಸಿಕೊಟ್ಟ. ಜರ್ಮನರು ಚೆಂಡು ಮುಟ್ಟುವ ಮೊದಲೇ ಗೋಲು! ಕೊನೆಗೆ 2-1ರಿಂದ ಗೆದ್ದದ್ದು ಪಶ್ಚಿಮ ಜರ್ಮನಿ, ಅದು ಬೇರೆ ಮಾತು.

ಪೊಸಿಷನಲ್ ಪ್ಲೇಯಲ್ಲಿ ಜಾಸ್ತಿ ಓಡೋದು ಚೆಂಡು. ಕೋಚ್ ಗ್ವಾರ್ಡಿಯೋಲಾ ಮೈದಾನವನ್ನು ಉದ್ದಕ್ಕೆ ಐದು ಪಟ್ಟಿ ಮಾಡುತ್ತಾರೆ. ಒಂದು ಅಡ್ಡ ಸಾಲಿನಲ್ಲಿ ಮೂವರಿಗಿಂತ, ಒಂದು ಪಟ್ಟಿಯಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಬೇಡ. ಅಂಚಿನಲ್ಲಿ ದಾಳಿ ಮಾಡುವ ವಿಂಗರ್ ಒಳಗೆ ಬಂದರೆ ಹಿಂದಿನ ಸಾಲಿನ ಫುಲ್‌ಬ್ಯಾಕ್ ಅಂಚಿಗೆ ಹೋಗಬೇಕು.

ನನ್ನ ಆಯ್ಕೆ ಇದೇ. ಮರಳಲ್ಲಿ ಸುಮ್ನೆ ಓಡಿದರೇ ದಮ್ಮು ಹೋಗುತ್ತದೆ. ಟೋಟಲ್ ಫುಟ್‌ಬಾಲ್‌ಗೆ ಚೆಂಡು ಕಳೆದ ಕೂಡಲೇ ಅದನ್ನು ವಾಪಸ್ ಕಿತ್ತುಕೊಳ್ಳಲು ಎಲ್ಲರೂ ಮುನ್ನುಗ್ಗಬೇಕು. ಪಟ್ಟಿಗಳನ್ನಾದರೆ ಕಾಲಿನಿಂದಲೇ ಗೀಚಬಹುದು. ಆದರೆ ಒಣ ಮರಳಲ್ಲಿ ಪಾಸ್ ಉರುಳೋದಿಲ್ಲ, ಇಳಿತದ ಹೊತ್ತಿನ ಗಟ್ಟಿ ಮರಳು ಬೇಕು. ಒಂದೇ ಪಟ್ಟಿಯಲ್ಲಿ ಮೂವರು "ಇಲ್ಲಿ ಕೊಡೋ" ಅಂತ ಕೂಗಿದರೆ ಆಟ ನಿಲ್ಲಿಸಿ, ಗೆರೆ ತೋರಿಸಿ.