ಅನುಕೂಲ ಮಾದರಿ, ಕೋಟಾ ಮಾದರಿ: ನವನಗರದಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದಾಗ

ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನಾ ವರದಿ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಸಂಶೋಧನಾ ವಿಧಾನದ ಅಧ್ಯಾಯವನ್ನು. ಅಲ್ಲಿ ಹೆಚ್ಚಿನವರು ‘60 ಜನರನ್ನು ಯಾದೃಚ್ಛಿಕವಾಗಿ ಆಯ್ಕೆ ಮಾಡಲಾಯಿತು’ ಎಂದು ಬರೆದಿರುತ್ತಾರೆ. ಕರೆದು ವಿಚಾರಿಸಿದರೆ, ಎದುರಿಗೆ ಸಿಕ್ಕವರನ್ನು ಕೇಳಿಕೊಂಡು ಬಂದದ್ದು ತಿಳಿಯುತ್ತದೆ. ಸಿಕ್ಕವರನ್ನು ಕೇಳುವುದಕ್ಕೆ ಅನುಕೂಲ ಮಾದರಿ ಎಂಬ ಹೆಸರೇ ಇದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ತಪ್ಪಾಗುವುದು ಅದನ್ನು ಯಾದೃಚ್ಛಿಕ, ಅಂದರೆ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದ್ದು, ಎಂದು ಕರೆದಾಗ. ‘ಹಾಗಾದರೆ ಕೋಟಾ ಮಾದರಿ ಮಾಡುತ್ತೇವೆ ಸರ್, ಪ್ರತಿ ಗುಂಪಿನಿಂದ ಇಷ್ಟಿಷ್ಟು ಜನ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅದು ಎಲ್ಲರನ್ನೂ ಪ್ರತಿನಿಧಿಸುತ್ತದಲ್ಲ’ ಎಂದು ಇಬ್ಬರು ವಿದ್ಯಾರ್ಥಿನಿಯರು ವಾದಿಸಿದಾಗ, ಬಾಗಲಕೋಟೆಯ ನವನಗರದಲ್ಲಿ ಒಂದೇ ಪ್ರಶ್ನೆಯನ್ನು ಎರಡೂ ಬಗೆಯಲ್ಲಿ ಕೇಳಿ ನೋಡೋಣವೆಂದು ಮೂವರೂ ಹೊರಟೆವು.

ಪ್ರಶ್ನೆ ಸರಳವಾಗಿತ್ತು: ‘ಕೊನೆಯ ಸಲ ಕಾಯಿಪಲ್ಯೆ ಕೊಂಡಾಗ ರೊಕ್ಕ ಕೊಟ್ಟಿರೋ, ಫೋನಿನಿಂದ ಹಾಕಿದಿರೋ?’ ಉತ್ತರವು ವಯಸ್ಸಿನ ಮೇಲೂ ಗಂಡು-ಹೆಣ್ಣಿನ ಮೇಲೂ ಅವಲಂಬಿಸಿರುತ್ತದೆ ಎಂಬ ಅಂದಾಜು ನಮಗೆ ಮೊದಲೇ ಇತ್ತು. ಅದಕ್ಕೆಂದೇ ಈ ಪ್ರಶ್ನೆಯನ್ನು ಆರಿಸಿಕೊಂಡೆವು.

ಅನುಕೂಲ ಮಾದರಿಯ 60 ಜನ ಒಂದೂವರೆ ದಿನದಲ್ಲಿ ಸಿಕ್ಕರು. ಕಾಲೇಜಿನ ಗೇಟು, ಬಸ್ ನಿಲ್ದಾಣ, ಝೆರಾಕ್ಸ್ ಅಂಗಡಿ, ಒಂದು ಚಹಾದಂಗಡಿ, ಇಷ್ಟೇ ನಮ್ಮ ಕ್ಷೇತ್ರ. 60 ಜನರಲ್ಲಿ 44 ಮಂದಿ, ಅಂದರೆ ಶೇ. 73ರಷ್ಟು, ಫೋನಿನಿಂದ ಹಾಕಿದ್ದೇವೆ ಎಂದರು. ಆದರೆ ಆ 60ರಲ್ಲಿ 43 ಮಂದಿ 35 ವರ್ಷದೊಳಗಿನವರು. 55 ದಾಟಿದವರು ಮೂವರೇ, ಅವರಲ್ಲಿ ಹೆಂಗಸು ಒಬ್ಬರು.

ಕೋಟಾ ಮಾದರಿಗೆ ಮೊದಲು ಅಳತೆಯೊಂದು ಬೇಕು, ಏಕೆಂದರೆ ಯಾವ ಗುಂಪಿನಿಂದ ಎಷ್ಟು ಜನ ಎಂಬುದನ್ನು ನಾವೇ ಊಹಿಸಿ ಬರೆದುಕೊಂಡರೆ ಅದು ಕೋಟಾ ಆಗುವುದಿಲ್ಲ. ನಾವು ಆಯ್ದ ಬಡಾವಣೆಯ ಮತದಾರರ ಪಟ್ಟಿಯಲ್ಲಿ ಪ್ರತಿಯೊಬ್ಬರ ವಯಸ್ಸು ಮತ್ತು ಲಿಂಗ ಇರುತ್ತದಾದ್ದರಿಂದ ಅದನ್ನೇ ಎಣಿಸಿ ಆರು ಕೋಣೆಗಳನ್ನು ಮಾಡಿಕೊಂಡೆವು: 35ರೊಳಗಿನ ಗಂಡಸರು 12, ಹೆಂಗಸರು 12, 35ರಿಂದ 54ರವರೆಗಿನವರು 11 ಮತ್ತು 11, 55 ದಾಟಿದವರು 7 ಮತ್ತು 7. (ಪಟ್ಟಿ ಕೈಯಲ್ಲಿದ್ದ ಮೇಲೆ ಅದರಿಂದಲೇ ಚೀಟಿ ಎತ್ತಿ ನಿಜವಾದ ಯಾದೃಚ್ಛಿಕ ಮಾದರಿ ತೆಗೆಯಬಹುದಿತ್ತಲ್ಲ ಎಂದು ಓದುಗರು ಕೇಳಿಯಾರು. ತೆಗೆಯಬಹುದಿತ್ತು; ಆದರೆ ಹೆಸರು ಬಂದವರ ಮನೆಯನ್ನೇ ಹುಡುಕಿ, ಅವರು ಇಲ್ಲದಿದ್ದರೆ ಎರಡು ಮೂರು ಸಲ ಮತ್ತೆ ಹೋಗಬೇಕು, ಪಕ್ಕದ ಮನೆಯವರನ್ನು ಕೇಳಿ ಮುಗಿಸುವಂತಿಲ್ಲ. ನಮಗಿದ್ದದ್ದು ಒಂದು ವಾರ.)

ಕೋಟಾ ತುಂಬಲು ಐದು ದಿನ ಬೇಕಾಯಿತು. ಯುವಕರ ಕೋಣೆಗಳು ಮೊದಲ ದಿನವೇ ತುಂಬಿದವು. ಕೊನೆಯವರೆಗೂ ಖಾಲಿ ಉಳಿದದ್ದು 55 ದಾಟಿದ ಹೆಂಗಸರದು. ಕೊನೆಗೆ ಒಬ್ಬ ವಿದ್ಯಾರ್ಥಿನಿ ತನ್ನ ಚಿಗವ್ವನ ಓಣಿಗೆ ಹೋಗಿ ಒಂದೇ ಸಂಜೆಯಲ್ಲಿ ಐವರನ್ನು ಕೇಳಿ ಬಂದಳು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ಕೊಟ್ಟ ಉತ್ತರವನ್ನು ಅವಳು ಹಾಳೆಯ ಅಂಚಿನಲ್ಲಿ ಹಾಗೆಯೇ ಬರೆದುಕೊಂಡಿದ್ದಳು: ‘ರೊಕ್ಕ ನನ್ನ ಕೈಯಾಗ ಇರ್ತೈತಿ ಯವ್ವಾ, ಫೋನು ಮಗನ ಕೈಯಾಗ ಇರ್ತೈತಿ.’

ಈ ಸಲ ಫೋನಿನಿಂದ ಹಾಕಿದವರು 60ರಲ್ಲಿ 31, ಅಂದರೆ ಶೇ. 52. ಎರಡು ಮಾದರಿಗಳ ನಡುವೆ 21 ಅಂಶಗಳ ಅಂತರ ಕಂಡು ವಿದ್ಯಾರ್ಥಿನಿಯರು ಕೋಟಾ ಗೆದ್ದಿತು ಎಂದರು. ನಾನು ಒಂದು ಲೆಕ್ಕ ಮಾಡಿಸಿದೆ: ಅನುಕೂಲ ಮಾದರಿಯ ಪ್ರತಿ ಕೋಣೆಯ ಪ್ರಮಾಣವನ್ನು ತೆಗೆದುಕೊಂಡು ಅದಕ್ಕೆ ಕೋಟಾದ ತೂಕ ಕೊಡುವುದು. ಉದಾಹರಣೆಗೆ, ಅನುಕೂಲ ಮಾದರಿಯಲ್ಲಿ 35ರೊಳಗಿನ 24 ಗಂಡಸರಲ್ಲಿ 21 ಮಂದಿ ಫೋನಿನವರಾಗಿದ್ದರು; ಅದೇ ಪ್ರಮಾಣ 12 ಜನರಲ್ಲಿದ್ದರೆ 10.5 ಆಗುತ್ತದೆ. ಕೋಟಾದಲ್ಲಿ ನಮಗೆ ನಿಜಕ್ಕೂ ಸಿಕ್ಕದ್ದು 10. ಹೀಗೆ ಆರೂ ಕೋಣೆಗಳನ್ನು ಕೂಡಿಸಿದಾಗ ಶೇ. 73 ಎಂಬುದು ಶೇ. 53ಕ್ಕೆ ಇಳಿದು ಕೋಟಾದ ಪಕ್ಕಕ್ಕೇ ಬಂದು ನಿಂತಿತು. ಎಂದರೆ ಅಂತರದ ಬಹುಪಾಲು ವಯಸ್ಸು ಮತ್ತು ಲಿಂಗದ ಮಿಶ್ರಣದಿಂದ ಹುಟ್ಟಿದ್ದು. ಒಂದೊಂದು ಕೋಣೆಯೊಳಗೆ ಎರಡೂ ವಿಧಾನಗಳು ಹೆಚ್ಚುಕಡಿಮೆ ಒಂದೇ ಬಗೆಯ ಜನರನ್ನು ಹಿಡಿದಿದ್ದವು. ಈ ತಿದ್ದುಪಡಿಯನ್ನು ನೆಚ್ಚಿಕೊಂಡು ಮೊದಲನೆಯ ಮಾದರಿಯೇ ಸಾಕು ಎನ್ನುವಂತೆಯೂ ಇಲ್ಲ, ಏಕೆಂದರೆ ಅಲ್ಲಿ 55 ದಾಟಿದ ಒಬ್ಬಳೇ ಹೆಂಗಸು ಏಳು ಜನರ ಪರವಾಗಿ ಉತ್ತರಿಸಿದಂತಾಯಿತು.

ಇಲ್ಲಿಯೇ ಕೋಟಾದ ಮಿತಿಯೂ ಕಾಣಿಸುತ್ತದೆ. ಕೋಟಾ ಸರಿಪಡಿಸುವುದು ನಾವು ಕೋಣೆ ಮಾಡಿದ ಗುಣಗಳನ್ನು ಮಾತ್ರ. ಕೋಣೆಯೊಳಗೆ ಯಾರನ್ನು ಕೇಳಬೇಕೆಂಬುದು ಕೇಳುವವರ ಕೈಯಲ್ಲೇ ಉಳಿಯುವುದರಿಂದ ಅಲ್ಲಿ ನಡೆಯುವುದು ಮತ್ತೆ ಅನುಕೂಲ ಮಾದರಿಯೇ. ನಮ್ಮ ಏಳು ಹಿರಿಯ ಹೆಂಗಸರಲ್ಲಿ ಐವರು ಒಂದೇ ಓಣಿಯವರು. ಏಳರಲ್ಲಿ ಒಬ್ಬರೂ ಫೋನಿನಿಂದ ಹಾಕಿರಲಿಲ್ಲ ಎಂಬುದು ನವನಗರದ ಸಂಗತಿಯೋ ಆ ಓಣಿಯ ಸಂಗತಿಯೋ ಹೇಳಲು ಬರುವುದಿಲ್ಲ. ಅಮೆರಿಕದಲ್ಲಿ 1948ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಗ್ಯಾಲಪ್ ಮುಂತಾದ ಸಮೀಕ್ಷೆಗಳು ಕೋಟಾ ಪದ್ಧತಿಯಲ್ಲಿ ಡ್ಯೂಯಿ ಗೆಲ್ಲುತ್ತಾರೆಂದು ಹೇಳಿ, ಟ್ರೂಮನ್ ಗೆದ್ದಾಗ, ತಜ್ಞರ ಪರಿಶೀಲನೆಯಲ್ಲಿ ಕಂಡುಬಂದ ದೋಷಗಳಲ್ಲಿ ಇದೂ ಒಂದು: ಕೋಟಾದೊಳಗೆ ಹೆಚ್ಚು ಓದಿದವರೇ ಹೆಚ್ಚಾಗಿ ಸೇರಿಕೊಂಡಿದ್ದರು. ಸಮೀಕ್ಷೆಯನ್ನು ಬೇಗ ನಿಲ್ಲಿಸಿದ್ದು ಇನ್ನೊಂದು ದೋಷ.

ಕೋಟಾದಲ್ಲಿ ಸುಲಭವಾಗಿ ಮರೆಯಾಗುವ ಇನ್ನೊಂದು ವಿಷಯವೆಂದರೆ ನಿರಾಕರಣೆ. ಒಬ್ಬರು ‘ಈಗ ಆಗೂದಿಲ್ರಿ’ ಎಂದರೆ ಅದೇ ವಯಸ್ಸಿನ ಮುಂದಿನವರನ್ನು ಕೇಳುತ್ತೇವೆ, ಕೋಣೆ ತುಂಬುತ್ತದೆ, ಕೋಷ್ಟಕದಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ನಾವು ಗೆರೆ ಎಳೆದು ಎಣಿಸಿಟ್ಟದ್ದರಿಂದ 60 ಉತ್ತರಗಳಿಗೆ 38 ನಿರಾಕರಣೆ ಎಂಬುದು ಗೊತ್ತಾಯಿತು, ಅದರಲ್ಲಿ ಹೆಚ್ಚಿನವು ಬೆಳಗಿನ ಅಡುಗೆಯ ಹೊತ್ತಿನಲ್ಲಿ ಹೋದ ಮನೆಗಳವು. ನನ್ನ ದೃಷ್ಟಿಯಲ್ಲಿ ಈ 38 ಎಂಬ ಅಂಕಿ ವರದಿಯಲ್ಲಿ ಶೇ. 52ರಷ್ಟೇ ಮುಖ್ಯ.

ಕರಡಿನಲ್ಲಿ ವಿದ್ಯಾರ್ಥಿನಿಯರು ‘ನವನಗರದ ಶೇ. 52 ಜನರು ಫೋನಿನಿಂದ ಹಣ ಪಾವತಿಸುತ್ತಾರೆ (ದೋಷಮಿತಿ ±13)’ ಎಂದು ಬರೆದಿದ್ದರು. ನಿಜವಾದ ಪ್ರಮಾಣ ಶೇ. 52ರಿಂದ ಎಷ್ಟು ಅತ್ತಿತ್ತ ಇರಬಹುದು ಎಂದು ಹೇಳುವುದು ದೋಷಮಿತಿ; ಅದರ ಸೂತ್ರಕ್ಕೆ ಅಂಕಿಗಳನ್ನು ಸರಿಯಾಗಿಯೇ ಹಾಕಿದ್ದರು:

```
1.96 × √(0.52 × 0.48 / 60) ≈ 0.13
```

ಆದರೆ ಈ ಸೂತ್ರ ನಿಂತಿರುವುದೇ ಪ್ರತಿಯೊಬ್ಬರೂ ಮಾದರಿಗೆ ಬರುವ ಸಂಭವ ಮೊದಲೇ ತಿಳಿದಿದೆ ಎಂಬ ನಂಬಿಕೆಯ ಮೇಲೆ. ಚಿಗವ್ವನ ಓಣಿಯಲ್ಲಿ ಕಟ್ಟೆಗೆ ಬಂದು ಕೂಡದ ಅಜ್ಜಿಗೆ ಆ ಸಂಭವ ಎಷ್ಟಿತ್ತು? ಅದು ತಿಳಿಯದಿರುವಾಗ ±13 ಎಂಬುದಕ್ಕೆ ಅರ್ಥವಿಲ್ಲ, ಮಾದರಿಯನ್ನು 600ಕ್ಕೆ ಏರಿಸಿದರೂ ಅದಕ್ಕೆ ಅರ್ಥ ಬರುವುದಿಲ್ಲ.

ಹಾಗಾದರೆ ಯಾವುದಕ್ಕೆ ಯಾವುದು? ಪ್ರಶ್ನಾವಳಿಯನ್ನು ಪರೀಕ್ಷಿಸಲು, ಅಥವಾ ಜನ ಫೋನು ಬಳಸದಿರಲು ಏನೇನು ಕಾರಣಗಳಿರಬಹುದು ಎಂದು ತಿಳಿಯಲು, ನಾನು ಅನುಕೂಲ ಮಾದರಿಯನ್ನೇ ಆರಿಸುತ್ತೇನೆ. ‘ಫೋನು ಮಗನ ಕೈಯಾಗ’ ಎಂಬಂಥ ಕಾರಣವೊಂದು ಇದೆ ಎನ್ನಲು ಒಬ್ಬ ಅಜ್ಜಿ ಸಾಕು, ಎಷ್ಟು ಮನೆಗಳಲ್ಲಿ ಹಾಗಿದೆ ಎನ್ನಲು ಮಾತ್ರ ಸಾಲದು. ಗುಂಪು ಗುಂಪುಗಳ ನಡುವಿನ ವ್ಯತ್ಯಾಸವನ್ನು ನೋಡಬೇಕಾದಾಗ ಕೋಟಾ ಮೇಲು, ಆದರೆ ಆಗ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಹಂಚುವ ಬದಲು ಪ್ರತಿ ಕೋಣೆಗೂ ಹತ್ತು ಹತ್ತು ಎಂದು ಸಮನಾಗಿ ಹಂಚಿದ್ದರೆ ಚೆನ್ನಾಗಿತ್ತು. ಏಳು ಜನರನ್ನು ಹನ್ನೆರಡು ಜನರೊಂದಿಗೆ ಹೋಲಿಸುವುದು ಕುಂಟುತ್ತದೆ. ಜಿಲ್ಲೆಯ ಮಾತಿರಲಿ, ನವನಗರದ ಒಟ್ಟು ಪ್ರಮಾಣವನ್ನು ಹೇಳುವ ಹಕ್ಕನ್ನೂ ಎರಡೂ ಕೊಡುವುದಿಲ್ಲ. ಎರಡರ ಉತ್ತರ 53 ಮತ್ತು 52 ಎಂದು ಹತ್ತಿರ ಬಂದದ್ದೂ ಪುರಾವೆಯಲ್ಲ, ಏಕೆಂದರೆ ಎರಡನ್ನೂ ಅದೇ ಮೂವರು ಅದೇ ವೇಳೆಗಳಲ್ಲಿ ಕೇಳಿದ್ದು; ಎರಡರಿಂದಲೂ ತಪ್ಪಿಸಿಕೊಂಡವರು ಒಂದೇ ಬಗೆಯವರಾಗಿರಬಹುದು.

ಕೊನೆಗೆ ವರದಿಯಲ್ಲಿ ಉಳಿದ ವಾಕ್ಯ ಹೀಗಿದೆ: ‘ಮತದಾರರ ಪಟ್ಟಿಯ ವಯಸ್ಸು ಮತ್ತು ಲಿಂಗದ ಪ್ರಮಾಣಕ್ಕೆ ಅನುಗುಣವಾಗಿ ನವನಗರದ ಒಂದು ಬಡಾವಣೆಯಲ್ಲಿ ನಾವು ಮಾತನಾಡಿಸಿದ 60 ಜನರಲ್ಲಿ 31 ಮಂದಿ ಕೊನೆಯ ಸಲ ಫೋನಿನಿಂದ ಹಣ ಕೊಟ್ಟಿದ್ದರು, ಈ 60 ಜನರಲ್ಲದೆ ಇನ್ನೂ 38 ಮಂದಿ ಉತ್ತರಿಸಲು ಒಪ್ಪಲಿಲ್ಲ, 55 ದಾಟಿದ ಏಳು ಮಹಿಳೆಯರಲ್ಲಿ ಐವರು ಒಂದೇ ಓಣಿಯವರು.’ ವಾಕ್ಯ ಉದ್ದವಾಯಿತು ಎಂದು ಒಬ್ಬಳು ಗೊಣಗಿದಳು, ಆದರೆ ಮೌಖಿಕ ಪರೀಕ್ಷೆಯಲ್ಲಿ ಮಾದರಿಯ ಬಗ್ಗೆ ಅವರಿಬ್ಬರಿಗೆ ಬಂದ ಮೂರೂ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇತ್ತು.