‘ಬಿಗಿನರ್’ ಅಂತ ಬರೆದಿದೆ ಅಂದ ಮಾತ್ರಕ್ಕೆ ಮ್ಯಾಟ್ ಹಾಸಬೇಡಿ

ಐವತ್ತರ ಆಸುಪಾಸಿನ ವಯಸ್ಸು, ಯೋಗ ಹೊಸದು, ಸೋಫಾಕ್ಕೂ ಟಿವಿಗೂ ನಡುವೆ ಒಂದು ಮ್ಯಾಟ್ ಹಿಡಿಯುವಷ್ಟೇ ಜಾಗ. ನಿಮ್ಮದೂ ಹೀಗೇ ಇದ್ದರೆ, ಆ್ಯಪ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ.

ನಾನು ಹಾಕಿಕೊಂಡ ಆ್ಯಪ್ ವಯಸ್ಸು, ತೂಕ ಎಲ್ಲ ಕೇಳಿ ‘ಬಿಗಿನರ್’ ಪ್ಲಾನ್ ಕೊಟ್ಟಿತು. ಒಳಗೆ ಇದ್ದದ್ದು ಒಂದು ಆಸನದಿಂದ ಇನ್ನೊಂದಕ್ಕೆ ನಿಲ್ಲದೆ ಓಡುವ 20 ನಿಮಿಷದ ಫ್ಲೋ, ಅದರಲ್ಲಿ ಮತ್ತೆ ಮತ್ತೆ ಚತುರಂಗ ದಂಡಾಸನ. ಅಂದರೆ ಪ್ಲ್ಯಾಂಕ್‌ನಿಂದ ಮೊಣಕೈ ಮಡಚಿ, ಮೈಯನ್ನು ನೆಲಕ್ಕೆ ತಾಗಿಸದೆ ಹಿಡಿಯುವುದು. ಅರ್ಧ ಪುಷ್‌ಅಪ್ ಅನ್ನಿ. ಒಂದೂ ಪುಷ್‌ಅಪ್ ಹೊಡೆಯದವರ ಕೈಯಲ್ಲಿ ಇದನ್ನು ಸಾಲಾಗಿ ಮಾಡಿಸಿದರೆ ತೋಳು ಬೇಗ ಸೋಲುತ್ತದೆ. ಆಗ ಭುಜ ಮೊಣಕೈಗಿಂತ ಕೆಳಗೆ ಜಾರುತ್ತದೆ, ಭಾರವೆಲ್ಲ ಭುಜದ ಮುಂಭಾಗಕ್ಕೆ ಬೀಳುತ್ತದೆ. ಮಂಡಿ ಊರಿ ಮಾಡಿ ಅಂತ ಆ್ಯಪ್ ಒಮ್ಮೆಯೂ ಹೇಳಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು.

ನೋವು ಬಂದಾಗ ‘ಹೊಸದರಲ್ಲಿ ಇದೆಲ್ಲ ಇದ್ದದ್ದೇ’ ಅನ್ನಿಸುತ್ತದೆ ಅಲ್ವಾ? ವ್ಯತ್ಯಾಸ ಇದೆ. ಸುಮ್ನೆ ಮೈಕೈ ನೋವಾದರೆ ಎರಡೂ ಕಡೆ ಇರುತ್ತದೆ, ಒಂದೆರಡು ದಿನ ಜಾಸ್ತಿಯಾಗಿ ಆಮೇಲೆ ತಾನೇ ಇಳಿಯುತ್ತದೆ. ನನಗೆ ಬಂದದ್ದು ಒಂದೇ ಭುಜಕ್ಕೆ. ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತಿತ್ತು, ಕೈ ಮೇಲೆತ್ತಿದರೆ ಚುಚ್ಚುತ್ತಿತ್ತು. ಹೀಗಾದರೆ ಆ್ಯಪ್ ನಿಲ್ಲಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಚಿಕ್ಕ ಹಾಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಫೋನನ್ನು ಮ್ಯಾಟ್‌ನ ಮುಂದೆ ಇಟ್ಟಿರುತ್ತೀರಿ. ಕೈ-ಪಾದ ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಮುಖ ಇರುವುದು ಪಾದದ ಕಡೆ. ಪರದೆ ನೋಡಲು ಕುತ್ತಿಗೆ ಎತ್ತುತ್ತೀರಿ, ಅದೂ ಕೈ ಮೇಲೆ ಭಾರ ಇರುವಾಗ. ಕ್ಯಾಮೆರಾದಲ್ಲಿ ಭಂಗಿ ತಿದ್ದುತ್ತೇವೆ ಅನ್ನುವ ಆ್ಯಪ್‌ಗಳಿಗೆ ತಲೆಯಿಂದ ಕಾಲಿನವರೆಗೆ ಇಡೀ ಮೈ ಕಾಣಬೇಕು. ಅದಕ್ಕೆ ಫೋನ್ ದೂರ ಇಡಬೇಕು. ಅಷ್ಟು ಜಾಗ ಇದ್ದಿದ್ದರೆ ನಾವು ಸೋಫಾ ಸರಿಸುತ್ತಲೇ ಇರಲಿಲ್ಲ.

ಹಾಗಾಗಿ ಟ್ರಯಲ್ ಸಿಕ್ಕಿದರೆ ಮೊದಲು ಕುರ್ಚಿಯಲ್ಲಿ ಕುಳಿತು ಒಂದು ಸೆಷನ್ ಪೂರ್ತಿ ನೋಡಿ. ಚತುರಂಗ ಎಷ್ಟು ಸಲ ಬಂತು ಅಂತ ಎಣಿಸಿ. ಆಮೇಲೆ ಪರದೆ ಮಗುಚಿಟ್ಟು ಬರೀ ದನಿ ಕೇಳಿ. ಯಾವ ಕಾಲು, ಎತ್ತ ಕಡೆ ಅಂತ ತಿಳಿಯದಿದ್ದರೆ ಆ ಆ್ಯಪ್ ನಮ್ಮಂಥವರಿಗಲ್ಲ.

ಇನ್ನು ದುಡ್ಡಿನ ವಿಷಯ. ಭುಜ ನೋವಿಗೆ ಬೇಸತ್ತು ಆ್ಯಪನ್ನು ಫೋನಿನಿಂದ ಕಿತ್ತು ಹಾಕಿದೆ. ಆದರೂ ಟ್ರಯಲ್ ಮುಗಿದ ಕೂಡಲೇ ವರ್ಷದ ಹಣ ಕಟ್ ಆಯಿತು. ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಶನ್ಸ್ ಒಳಗೆ ಹೋಗಿ ಅಲ್ಲೇ ರದ್ದು ಮಾಡಬೇಕು. ಐಫೋನ್‌ನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ ಸಬ್‌ಸ್ಕ್ರಿಪ್ಶನ್ಸ್ ಸಿಗುತ್ತದೆ.