ವೀಲ್ ನಡುವೆ ಸಡಿಲ: ಗೇನ್, ಡೆಡ್‌ಝೋನ್, ಮಿನಿಮಮ್ ಫೋರ್ಸ್ ಮೂರನ್ನೂ ತಿರುಗಿಸಿ ನೋಡಿದೆವು

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಮನೆಗೆ ಧಾರವಾಡದಿಂದ ಅಕ್ಕನ ಮಗ ಓದಲು ಬಂದಾಗ, ಜೊತೆಗೆ ಕಂಪ್ಯೂಟರ್ ರೇಸಿಂಗ್ ಆಟಕ್ಕೆ ಬಳಸುವ ಹಳೆಯ 900 ಡಿಗ್ರಿ ವೀಲ್ ಒಂದನ್ನೂ ತಂದ. ಆಟದ ರಸ್ತೆಯ ಬಲವನ್ನು ಮೋಟಾರ್ ಮೂಲಕ ಕೈಗೆ ತಲುಪಿಸುವ, ಒಳಗೆ ಹಲ್ಲಿನ ಗೇರ್ ಇರುವ ಮಾದರಿ. ಮೊದಲ ರಾತ್ರಿಯೇ ದೂರು ಶುರು: "ಮಾಮಾ, ನೆಟ್ಟಗ ಹೋಗೂವಾಗ ನಡುವ ಏನೂ ಗೊತ್ತ ಆಗಂಗಿಲ್ಲ." ಕೈಯಲ್ಲಿ ಹಿಡಿದು ನೋಡಿದೆ. ಆಟದ ಮೋನ್ಝಾ ಟ್ರ್ಯಾಕಿನ ಉದ್ದನೆಯ ನೇರ ದಾರಿಯಲ್ಲಿ ವೀಲ್ ಅತ್ತಿತ್ತ ಸುಮ್ನೆ ತೂಗುತ್ತಿತ್ತು.

ಈ ಸಡಿಲಕ್ಕೆ ಅವನು ಒಂದು ಮದ್ದು ಹೇಳಿದ, ನಾನು ಇನ್ನೊಂದು. ಎರಡು ವಾರ ಅಸೆಟ್ಟೊ ಕೊರ್ಸಾ ಎಂಬ ರೇಸಿಂಗ್ ಆಟದಲ್ಲಿ ಒಂದೇ ಕಾರು (ಬಿಎಂಡಬ್ಲ್ಯು ಎಂ3 ಇ30), ಒಂದೇ ಟ್ರ್ಯಾಕ್ ಇಟ್ಟುಕೊಂಡು ಎಲ್ಲವನ್ನೂ ಪರೀಕ್ಷಿಸಿದೆವು.

ಅದಕ್ಕೂ ಮೊದಲು ತಿರುಗುವ ಡಿಗ್ರಿ ಸರಿಪಡಿಸಬೇಕಾಯಿತು. ಅವನು ಡ್ರೈವರ್ ಸಾಫ್ಟ್‌ವೇರ್‌ನಲ್ಲಿ 360 ಇಟ್ಟಿದ್ದ, ಆಟದಲ್ಲಿ 900. ಕೈ ಬೇಗ ತಿರುಗುತ್ತದೆ ಅಂತ ಅವನಿಗೆ ಇಷ್ಟ. ಆದರೆ ಕೈ 10 ಡಿಗ್ರಿ ತಿರುಗಿದರೆ ಪರದೆಯ ಮೇಲಿನ ಸ್ಟೇರಿಂಗ್ 25 ಡಿಗ್ರಿ ತಿರುಗುತ್ತದೆ. ಕಾರಿನ ಹಿಂಭಾಗ ಜಾರಿದಾಗ ಸ್ವಲ್ಪ ತಿದ್ದಲು ಹೋದರೂ ಜಾಸ್ತಿಯಾಗಿ ಕಾರು ಇನ್ನೊಂದು ಕಡೆಗೆ ಸುತ್ತುತ್ತಿತ್ತು. ಎರಡೂ ಕಡೆ 900 ಇಟ್ಟೆವು. ಯಾವ ಕಾರಿಗೆ ಎಷ್ಟು ತಿರುವು ಬೇಕೋ ಅಷ್ಟನ್ನು ಈ ಆಟ ತಾನೇ ಹೊಂದಿಸಿಕೊಳ್ಳುತ್ತದೆ. ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ವೀಲನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ಪರದೆಯ ಸ್ಟೇರಿಂಗ್ ಕೂಡ ಅಲ್ಲೇ ನಿಲ್ಲಬೇಕು.

ಇನ್ನು ಡೆಡ್‌ಝೋನ್. ತಾನು ಆಡುವ ಇನ್ನೊಂದು ಟ್ರಕ್ ಆಟದಲ್ಲಿ ಅವನು ಅದರ ಸ್ಲೈಡರ್ ಏರಿಸಿದ್ದ. "ನಡುವ ಸಡಿಲ ಐತಲ್ಲ, ಅದಕ್ಕ" ಅಂದ. ಇಲ್ಲೇ ತುಂಬಾ ಜನ ಎಡವುತ್ತಾರೆ. ಡೆಡ್‌ಝೋನ್ ಅಂದರೆ ನಮ್ಮ ಕೈಯಿಂದ ಆಟಕ್ಕೆ ಹೋಗುವ ಸಂದೇಶವನ್ನು ಕತ್ತರಿಸುವುದು. 900 ಡಿಗ್ರಿ ವೀಲ್‌ನಲ್ಲಿ ಒಂದೊಂದು ಬದಿಗೆ 450. ಅದರ ಶೇಕಡಾ 5 ಕತ್ತರಿಸಿದರೆ, ಎಡಕ್ಕೆ 22.5, ಬಲಕ್ಕೆ 22.5 ಡಿಗ್ರಿವರೆಗೆ ಆಟದ ಗಾಡಿಯ ಚಕ್ರ ಅಲುಗುವುದೇ ಇಲ್ಲ. ಇದ್ದ ಸಡಿಲದ ಮೇಲೆ ಇನ್ನೊಂದು ಸಡಿಲ ಹೇರಿದ ಹಾಗೆ, ಅಲ್ವಾ? ನಮ್ಮ ವೀಲ್‌ನಲ್ಲಿ ಕೈಯ ಸಂದೇಶದಲ್ಲಿ ತೊಂದರೆಯೇ ಇರಲಿಲ್ಲ. ಒಂದೆರಡು ಡಿಗ್ರಿ ತಿರುಗಿಸಿದರೂ ಪರದೆಯ ಸ್ಟೇರಿಂಗ್ ಅಲುಗುತ್ತಿತ್ತು. ಕೈ ಬಿಟ್ಟಾಗಲೂ ಪರದೆಯ ಸ್ಟೇರಿಂಗ್ ತಾನಾಗಿ ನಡುಗುತ್ತಿದ್ದರೆ ಮಾತ್ರ ಸ್ವಲ್ಪ ಡೆಡ್‌ಝೋನ್ ಬೇಕು. ನಾವು ಸೊನ್ನೆಗೆ ಇಳಿಸಿದೆವು.

ನಮ್ಮ ಸಡಿಲ ಇದ್ದದ್ದು ವಾಪಸ್ ಬರುವ ಬಲದಲ್ಲಿ. ನೇರ ದಾರಿಯಲ್ಲಿ ಆಟ ಮೋಟಾರಿಗೆ ತೀರಾ ಸಣ್ಣ ಬಲ ಕಳಿಸುತ್ತದೆ. ಗೇರ್‌ಗಳ ತಿಕ್ಕಾಟವೇ ಅದನ್ನು ನುಂಗಿಬಿಡುತ್ತದೆ. ಕೈಗೆ ಏನೂ ಬರುವುದಿಲ್ಲ.

ಅವನು ಹೇಳಿದ ಮದ್ದು ಒಟ್ಟು ಬಲದ ಪ್ರಮಾಣವಾದ `Gain` ಏರಿಸುವುದು. 130ಕ್ಕೆ ಏರಿಸಿದೆವು. ನೇರ ದಾರಿಯಲ್ಲಿ ಸ್ವಲ್ಪ ಜೀವ ಬಂತು, ನಿಜ. ಆದರೆ ಮೋನ್ಝಾದ ಪ್ಯಾರಾಬೋಲಿಕಾ ತಿರುವಿನಲ್ಲಿ ಆಟದೊಳಗೆ ಬಲದ ಅಳತೆ ತೋರಿಸುವ ಪೆಡಲ್ ಆ್ಯಪ್‌ನ ಫೋರ್ಸ್ ಪಟ್ಟಿ ಕೆಂಪಾಗಿ ಅಲ್ಲೇ ನಿಂತಿತು. ಮೋಟಾರ್ ತನ್ನ ಪೂರ್ತಿ ಬಲ ಕೊಡುತ್ತಿದೆ, ಅದಕ್ಕಿಂತ ಹೆಚ್ಚು ಕೊಡಲಾಗದು ಅಂತ ಅರ್ಥ. ಮುಂದಿನ ಟೈರ್ ಹಿಡಿತ ಬಿಡುವಾಗ ವೀಲ್ ಹಗುರವಾಗಬೇಕು. ಆ ಹಗುರ ಗೊತ್ತಾಗಲೇ ಇಲ್ಲ. ಮೂರು ಸಲ ಕಾರು ಹೊರಗಿನ ಜಲ್ಲಿಗೆ ಹೋಯಿತು.

ನಾನು ಹೇಳಿದ್ದು `Gain` 80ಕ್ಕೆ ಇಳಿಸಿ `Minimum Force` ಏರಿಸುವುದು. ಇದು ಮುಖ್ಯವಾಗಿ ಸಣ್ಣ ಬಲವನ್ನು ಗೇರ್ ತಿಕ್ಕಾಟದ ಮೇಲಕ್ಕೆ ಎತ್ತುತ್ತದೆ. ಸೊನ್ನೆಯಿಂದ ಎರಡೆರಡು ಏರಿಸುತ್ತಾ, ಪ್ರತಿ ಸಲ ನೇರ ದಾರಿಯಲ್ಲಿ ಹಿಡಿತ ಸಡಿಲಿಸಿ ನೋಡಿದೆವು. 6ರಲ್ಲಿ ವ್ಯತ್ಯಾಸವಿಲ್ಲ. 12ರಲ್ಲಿ ರಸ್ತೆ ಕೈಗೆ ಸಿಕ್ಕಿತು. 18ರಲ್ಲಿ ವೀಲ್ ತಾನೇ ಎಡಬಲ ಹೊಡೆದುಕೊಳ್ಳುತ್ತಾ ಕಟಕಟ ಅನ್ನತೊಡಗಿತು. ಆ ಸದ್ದು ಬಂದರೆ ಮಿತಿ ದಾಟಿದೆ ಅಂತ ಲೆಕ್ಕ. 14ಕ್ಕೆ ನಿಲ್ಲಿಸಿದೆವು. ಪ್ಯಾರಾಬೋಲಿಕಾದಲ್ಲಿ ಪಟ್ಟಿ ಆಗೊಮ್ಮೆ ಈಗೊಮ್ಮೆ ಮಾತ್ರ ಕೆಂಪಾಗುತ್ತಿತ್ತು. ಟೈರ್ ಜಾರುವ ಮೊದಲೇ ವೀಲ್ ಹಗುರವಾಗುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು.

ಈ ಅಂಕಿಗಳು ನಮ್ಮ ವೀಲಿನವು. ಬೆಲ್ಟ್ ಇರುವ ವೀಲಿಗೆ ಇದಕ್ಕಿಂತ ಕಡಿಮೆ ಸಾಕು. ಮೋಟಾರ್ ನೇರವಾಗಿ ತಿರುಗಿಸುವ ಮಾದರಿಗೆ ಹೆಚ್ಚುಕಡಿಮೆ ಸೊನ್ನೆ. ಕಾರು ಬದಲಾದರೆ ಬಲವೂ ಬದಲಾಗುತ್ತದೆ. ಆಗ `Minimum Force` ಮುಟ್ಟದೆ, ನಂಬರ್ ಪ್ಯಾಡಿನ + ಮತ್ತು - ಒತ್ತಿ ಆ ಕಾರಿನ ಬಲವನ್ನಷ್ಟೇ ಹೊಂದಿಸಿಕೊಳ್ಳುತ್ತೇವೆ.

ರಾತ್ರಿ ಹತ್ತು ಗಂಟೆಯ ನಂತರ ಆಡುವಾಗ ಅವನು `Minimum Force` ಅನ್ನು 14ರಿಂದ 10ಕ್ಕೆ ಇಳಿಸುತ್ತಿದ್ದ. ಟೇಬಲ್ ಮೂಲಕ ಗೇರ್ ಸದ್ದು ಕೆಳಗಿನ ಮನೆಯ ಕಾಕೂಗೆ ಕೇಳಿಸುತ್ತದಂತೆ. ಕ್ಲ್ಯಾಂಪ್ ಕೆಳಗೆ ಹಳೆಯ ಯೋಗ ಮ್ಯಾಟಿನ ತುಂಡು ಇಟ್ಟ ಮೇಲೆ ಅದನ್ನು 12ರವರೆಗೆ ಏರಿಸಿದರೂ ಅವರು ಏನೂ ಹೇಳಿಲ್ಲ.